ಹೊಂಡಕ್ಕೆ ಎಷ್ಟು ದೊಡ್ಡ ಹಾಳೆ ಬೇಕು?

ಹೊಂಡಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯ ಅಳತೆಗೆ ಬಾಯಿಲೆಕ್ಕವೊಂದಿದೆ. ಉದ್ದಕ್ಕೆ ಆಳದ ಎರಡು ಪಟ್ಟು ಕೂಡಿಸು, ಅಗಲಕ್ಕೂ ಹಾಗೇ ಮಾಡು. ತೊಟ್ಟಿಯ ಹಾಗೆ ಗೋಡೆ ನೆಟ್ಟಗಿದ್ದರೆ ಇದು ಸರಿ. ಆದರೆ ಮಣ್ಣಿನ ಹೊಂಡದ ಗೋಡೆ ನೆಟ್ಟಗೆ ನಿಲ್ಲುವುದಿಲ್ಲ, ಕುಸಿಯುತ್ತದೆ. ಅದಕ್ಕೇ ಅದನ್ನು ಇಳಿಜಾರಾಗಿ ಅಗೆಯುತ್ತಾರೆ. ಆಗ ಲೆಕ್ಕವೂ ಬದಲಾಗುತ್ತದೆ.

ಲೆಕ್ಕಕ್ಕೆ ಒಂದು ಹೊಂಡ ತೆಗೆದುಕೊಳ್ಳೋಣ. ಮೇಲೆ ಬಾಯಿಯ ಹತ್ತಿರ 20 ಮೀಟರ್ ಉದ್ದ, 15 ಮೀಟರ್ ಅಗಲ. ಆಳ 3 ಮೀಟರ್. ಇಳಿಜಾರು ಒಂದಕ್ಕೆ ಒಂದೂವರೆ. ಅಂದರೆ 1 ಮೀಟರ್ ಕೆಳಗಿಳಿಯುವಷ್ಟರಲ್ಲಿ ಗೋಡೆ 1.5 ಮೀಟರ್ ಒಳಗೆ ಸರಿದಿರುತ್ತದೆ. 3 ಮೀಟರ್ ಇಳಿದಾಗ ಒಂದೊಂದು ಕಡೆಯಿಂದಲೂ 4.5 ಮೀಟರ್ ಒಳಗೆ ಬಂದಿರುತ್ತೇವೆ. ಹಾಗಾಗಿ ತಳದಲ್ಲಿ ಉಳಿಯುವುದು ಬರೀ 11 ಮೀಟರ್ ಉದ್ದ, 6 ಮೀಟರ್ ಅಗಲ.

ಇನ್ನು ಇಳಿಜಾರಿನ ಮೈ ಎಷ್ಟು ಉದ್ದ? 3 ಮತ್ತು 4.5 ಬದಿಗಳಿರುವ ಲಂಬಕೋನ ತ್ರಿಕೋನದ ಕರ್ಣ ಅದು, ಸುಮಾರು 5.41 ಮೀಟರ್. ಹಾಳೆ ಒಂದು ದಡದಿಂದ ಇಳಿದು, ತಳ ದಾಟಿ, ಎದುರು ದಡ ಹತ್ತಬೇಕು. 5.41, 11, ಮತ್ತೆ 5.41 ಕೂಡಿಸಿದರೆ 21.82 ಮೀಟರ್. ಅಗಲಕ್ಕೆ ಇದೇ ರೀತಿ 16.82.

ಇಲ್ಲಿ ಸ್ವಲ್ಪ ನಿಂತು ನೋಡಿ. ಬಾಯಿಯ ಉದ್ದ 20, ಹಾಳೆಗೆ ಬೇಕಾದದ್ದು 21.82. ಜಾಸ್ತಿ ಬೇಕಾದದ್ದು ಎರಡು ಮೀಟರ್ ಕೂಡ ಇಲ್ಲ! ಬಾಯಿಲೆಕ್ಕ ಕೇಳುವುದು ಆರು ಮೀಟರ್. ಇಳಿಜಾರು ಓರೆಯಾದಷ್ಟೂ ಹಾಳೆಗೆ ಸುತ್ತು ಕಡಿಮೆ. ನನಗೆ ಈ ಲೆಕ್ಕದಲ್ಲಿ ತುಂಬಾ ಇಷ್ಟವಾಗುವ ಜಾಗ ಇದೇ. ಹಾಳೆಯ ಅಂಚು ಹೂಳುವ ಟ್ರೆಂಚಿನ ಪಾಲನ್ನೂ ಸೇರಿಸಿ ಸೂತ್ರವಾಗಿ ಬರೆದರೆ ಹೀಗೆ:

```
S = L + 2·D·(√(1 + z²) − z) + 2·A
```

S ಹಾಳೆಯ ಅಳತೆ, L ಬಾಯಿಯ ಅಳತೆ, D ಆಳ, z ಇಳಿಜಾರು, ನಮ್ಮ ಹೊಂಡದಲ್ಲಿ 1.5, A ಒಂದು ಕಡೆಯ ಟ್ರೆಂಚಿಗೆ ಹೋಗುವ ಹಾಳೆ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಹಾಕಬೇಕು.

ಈ A ಅನ್ನು ಅಂದಾಜಿಗೆ ಬಿಡಬಾರದು. ಹಾಳೆ ಜಾರದೆ ನಿಲ್ಲಲಿ ಅಂತ ದಡದಿಂದ ಸ್ವಲ್ಪ ಹಿಂದೆ ಹೊಂಡದ ಸುತ್ತ ಟ್ರೆಂಚ್ ತೋಡಿ, ಅಂಚನ್ನು ಅದರಲ್ಲಿ ಹೂಳುತ್ತಾರೆ. ದಡದಿಂದ ಟ್ರೆಂಚಿನವರೆಗೆ 50 ಸೆಂಟಿಮೀಟರ್, ಅದರೊಳಗೆ ಇಳಿಯಲು 50, ಅದರ ತಳದಲ್ಲಿ ಮಲಗಲು 30. ಒಟ್ಟು 1.3 ಮೀಟರ್. ಇದು ಒಂದು ಕಡೆಗೆ. ಎರಡೂ ಕಡೆ ಸೇರಿ 2.6. ಈಗ ನಮ್ಮ ಹಾಳೆ 24.42 ಉದ್ದ, 19.42 ಅಗಲ.

ಅಷ್ಟೇ ತಂದರೆ ಸಾಕಾ? ಸಾಲದು. ಬಿಸಿಲಿಗೆ ಹಾಳೆ ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ. ಪಾಲಿಎಥಿಲೀನ್ ಹಾಳೆಯಾದರೆ 30 ಡಿಗ್ರಿ ಇಳಿದಾಗ 22 ಮೀಟರಿಗೆ ಸುಮಾರು 13 ಸೆಂಟಿಮೀಟರ್ ಕುಗ್ಗಬಹುದು. ಮಧ್ಯಾಹ್ನ ಬಿಗಿಯಾಗಿ ಹಾಸಿದ್ದನ್ನು ಮರುದಿನ ಬೆಳಗ್ಗೆ ನೋಡಿದರೆ, ಗೋಡೆ ತಳಕ್ಕೆ ಸೇರುವ ಮೂಲೆಯಲ್ಲಿ ಹಾಳೆ ನೆಲ ಬಿಟ್ಟು ಮೇಲೆದ್ದಿರುತ್ತದೆ. ಕೈಯಿಂದ ಒತ್ತಿದರೆ ಕೆಳಗೆ ಟೊಳ್ಳು. ಅದರ ಮೇಲೆ ನೀರಿನ ಭಾರ ಬಿದ್ದರೆ ಹಾಳೆ ಎಳೆದುಕೊಂಡು ತೆಳುವಾಗುತ್ತದೆ, ಬೆಸುಗೆಯೂ ಬಿಡಬಹುದು. ಅದಕ್ಕೇ ಅರ್ಧ ಮೀಟರಿನಷ್ಟು ಸಡಿಲ ಇಟ್ಟು 25 × 20 ಅಂತ ಹೇಳಿ. ಸ್ವಲ್ಪ ನೀರು ನಿಂತು ಹಾಳೆ ಮೂಲೆಗೆ ಕೂತ ಮೇಲೆ, ತಂಪು ಹೊತ್ತಿನಲ್ಲಿ ಟ್ರೆಂಚ್ ಮುಚ್ಚಿ.

ಒಂದು ಮಾತು. ಹಾಳೆಗೆ ಹೇಳುವ ಮೊದಲು ಅಗೆದ ಹೊಂಡವನ್ನೇ ಅಳೆಯಿರಿ, ಕಾಗದದ ಮೇಲಿನದ್ದನ್ನಲ್ಲ. ಆಳ ಒಂದು ಗೇಣು ಜಾಸ್ತಿಯಾದರೆ ಅಷ್ಟೇನೂ ತೊಂದರೆ ಇಲ್ಲ. ಆದರೆ ಗೋಡೆ ಕಡಿದಾದರೆ ಕಷ್ಟ. ಒಂದೂವರೆ ಇರಬೇಕಾದ ಇಳಿಜಾರು ಒಂದೇ ಆಗಿಬಿಟ್ಟರೆ ನಮ್ಮ ಹೊಂಡಕ್ಕೆ ಇನ್ನೂ 67 ಸೆಂಟಿಮೀಟರ್ ಬೇಕು. ಸಡಿಲ ಪೂರ್ತಿ ಕರಗಿ, ಟ್ರೆಂಚಿನ ಪಾಲಿಗೂ ಕೈ ಬೀಳುತ್ತದೆ. ಇನ್ನೂ ದೊಡ್ಡ ತಪ್ಪು, 20 × 15 ಅನ್ನುವುದು ಬಾಯಿಯ ಅಳತೆಯೋ ತಳದ್ದೋ ಅಂತ ಕೇಳದೇ ಇರುವುದು. ತಳದ್ದಾದರೆ ಹಾಳೆ ಉದ್ದ, ಅಗಲ ಎರಡರಲ್ಲೂ 9 ಮೀಟರ್ ಗಿಡ್ಡ. ಸುಲಭದ ಪರೀಕ್ಷೆ ಇದೆ. ಒಂದು ಹಗ್ಗವನ್ನು ಟ್ರೆಂಚಿನ ತಳದ ಹೊರ ಅಂಚಿನಿಂದ ಶುರುಮಾಡಿ, ನೆಲಕ್ಕೆ ಒತ್ತಿಕೊಂಡೇ ಹೊಂಡ ದಾಟಿಸಿ, ಎದುರಿನ ಟ್ರೆಂಚಿನ ತಳದ ಹೊರ ಅಂಚಿಗೆ ಮುಟ್ಟಿಸಿ. ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ. ಲೆಕ್ಕ ತಪ್ಪಿದ್ದರೆ ಹಗ್ಗ ಹೇಳುತ್ತದೆ.

ಹಾಸುವಾಗ ನಾಲ್ಕೂ ಮೂಲೆಯಲ್ಲಿ ಹಾಳೆ ಮಿಕ್ಕು ಗುಪ್ಪೆಯಾಗುತ್ತದೆ. ಅಳತೆ ತಪ್ಪಿತೇನೋ ಅಂತ ಗಾಬರಿ ಬೇಡ. ಚಪ್ಪಟೆ ಹಾಳೆಯನ್ನು ಗುಂಡಿಗೆ ಇಳಿಸಿದರೆ ಮೂಲೆಯಲ್ಲಿ ಮಿಗಲೇಬೇಕು. ನಮ್ಮ ಹೊಂಡದಲ್ಲಿ ದಡದ ಒಳಗೇ ಒಂದೊಂದು ಮೂಲೆಗೂ ಸುಮಾರು 5 ಚದರ ಮೀಟರ್ ಮಿಗುತ್ತದೆ. ಅದನ್ನು ಕತ್ತರಿಸಬೇಡಿ. ಸೀರೆಯ ನೆರಿಗೆ ಹಿಡಿದ ಹಾಗೆ ಒಂದೇ ಕಡೆಗೆ ಮಡಚಿ, ಮಡಿಕೆಯ ತುದಿಯನ್ನೂ ಟ್ರೆಂಚಿನೊಳಗೆ ಸೇರಿಸಿ.