ಕಿಟಕಿ ಎರಡಡಿ ಹಿಗ್ಗಿಸಲು ಎಷ್ಟು ದಿನ?

"ಕಿಟಕಿ ಇನ್ನೂ ಎರಡಡಿ ಅಗಲ ಮಾಡಿ ಅಂತ ಮೇಸ್ತ್ರಿಗೆ ಹೇಳಿಬಿಟ್ಟಿದ್ದೀನಿ ಸಾರ್, ಮೂರು ದಿನದ ಕೆಲಸವಂತೆ." ಮನೆ ಕಟ್ಟಿಸುವವರ ಬಾಯಲ್ಲಿ ಈ ಮಾತು ಬಂದಾಗಲೆಲ್ಲ ನನಗೆ ಕಳವಳ. ಒಡೆದು ಹೊಸ ಕಾಂಕ್ರೀಟ್ ಹಾಕಲು ಮೂರು ದಿನ ಸಾಕು, ನಿಜ. ಆದರೆ ಅದಕ್ಕಾಗಿ ಕಾದು ಕೂರುವ ಕೆಲಸಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ.

ಹೀಗೆ ಹೇಳಿದವರೊಬ್ಬರ ಮನೆಯಲ್ಲಿ ಕಿಟಕಿ ನಾಲ್ಕಡಿಯದು, ಅದರ ಮೇಲಿನ ಗೋಡೆಯ ಭಾರ ಹೊರುವ ಕಾಂಕ್ರೀಟ್ ತೊಲೆ, ಅಂದರೆ ಲಿಂಟಲ್, ಆಗಲೇ ಹಾಕಿಯಾಗಿತ್ತು. ಎರಡೂ ಬದಿಗೆ ಆರಾರು ಇಂಚು ಗೋಡೆಯ ಮೇಲೆ ಕೂರಬೇಕಾದ್ದರಿಂದ ಅದರ ಉದ್ದ ಐದಡಿ. ಕಿಟಕಿ ಆರಡಿಯಾದರೆ ಏಳಡಿಯ ಲಿಂಟಲ್ ಬೇಕು, ಹಳೆಯದನ್ನು ಒಡೆಯಲೇಬೇಕು. ಒಡೆಯಲು ಒಂದು ದಿನ, ಸೆಂಟ್ರಿಂಗ್, ಕಂಬಿ, ಕಾಂಕ್ರೀಟಿಗೆ ಎರಡು ದಿನ. ಭಾರ ಹೊರಿಸುವ ಮುನ್ನ ಏಳು ದಿನ ಬಿಡಿ ಎಂದರು ಸ್ಟ್ರಕ್ಚರಲ್ ಇಂಜಿನಿಯರ್. (ಈ ಅವಧಿ, ಕಂಬಿಯ ಅಳತೆ ಎರಡನ್ನೂ ನಿಮ್ಮ ಇಂಜಿನಿಯರ್ ಹತ್ತಿರವೇ ಕೇಳಿ.) ಮೇಲಿನ ಗೋಡೆಗೆ ಮತ್ತೆರಡು ದಿನ. ಒಟ್ಟು ಹನ್ನೆರಡು. ಅಲ್ಲಿಯವರೆಗೆ ತಾರಸಿಯ ಸೆಂಟ್ರಿಂಗ್ ಶುರುವಾಗುವಂತಿಲ್ಲ.

ಹಾಗಂತ ಹನ್ನೆರಡು ದಿನವೂ ತಡವಲ್ಲ. ಹಿಂಬದಿಯ ಗೋಡೆಗಳಿಗೆ ಹೇಗೂ ಐದು ದಿನದ ಕೆಲಸ ಬಾಕಿಯಿತ್ತು, ತಾರಸಿ ಅದಕ್ಕೂ ಕಾಯಬೇಕಿತ್ತು. ಆದ್ದರಿಂದ ಮನೆ ಮುಗಿಯುವುದು ಏಳು ದಿನ ತಡ. ಕಂಟ್ರಾಕ್ಟರ್ ಹನ್ನೆರಡು ಕೇಳಿದರೆ ಒಪ್ಪಬೇಡಿ. ಮೂರೇ ಎಂದು ನೀವೂ ಹಟ ಹಿಡಿಯಬೇಡಿ.

ಹಣದ ವಿಷಯದಲ್ಲಿ ಯಜಮಾನರ ವಾದ ಬೇರೆ: "ಎಂಟು ಚದರಡಿ ಗೋಡೆ ಕಮ್ಮಿಯಾಯ್ತಲ್ಲ, ಅದನ್ನು ಕಳೆಯಿರಿ." ಆ ಗೋಡೆ ಕಟ್ಟಿ ಆಗಿದೆ, ಕೂಲಿ ಹೋಗಿದೆ, ಒಡೆದ ಇಟ್ಟಿಗೆಯಲ್ಲಿ ಉಳಿಯುವುದು ಅಲ್ಪಸ್ವಲ್ಪ. ಇನ್ನೂ ಮಾಡದ ಗಾರೆ ಮತ್ತು ಬಣ್ಣವನ್ನು ಮಾತ್ರ ಕಳೆಯಬಹುದು. ಕೂಡಬೇಕಾದದ್ದು ಒಡೆಯುವ ಕೂಲಿ, ಅವಶೇಷ ಸಾಗಿಸುವ ಖರ್ಚು, ಹೊಸ ಲಿಂಟಲ್ ಮತ್ತು ದೊಡ್ಡ ಕಿಟಕಿಯ ಹೆಚ್ಚುವರಿ ಬೆಲೆ. ಹಳೆಯ ಅಳತೆಯ ಚೌಕಟ್ಟು ಕತ್ತರಿಸಿ ಆಗಿದ್ದರೆ ಅದರ ದುಡ್ಡೂ ನಿಮ್ಮದೇ, ಹಾಗಾಗಿ ಮೊದಲ ಫೋನ್ ಕಿಟಕಿ ಮಾಡುವವರಿಗೆ ಹೋಗಲಿ.

ಇಷ್ಟೂ ತಿಳಿದ ಮೇಲೆ ಕಾಗದ ಬರೆಯಬೇಕು, ಮೇಸ್ತ್ರಿಗಲ್ಲ, ಕಂಟ್ರಾಕ್ಟರಿಗೆ. ನಾನು ಬರೆಸಿದ್ದು ಹೀಗಿತ್ತು:

"ಬದಲಾವಣೆ ಸಂಖ್ಯೆ 3. ಹಾಲ್‌ನ ಕಿಟಕಿಯ ಅಗಲ 4 ಅಡಿಯಿಂದ 6 ಅಡಿಗೆ. ತಿದ್ದಿದ ನಕ್ಷೆ ಲಗತ್ತಿಸಿದೆ. ಕಳೆಯುವ ಕೆಲಸ, ಸೇರುವ ಕೆಲಸ, ಒಡೆಯುವ ಕೆಲಸಗಳ ದರವನ್ನು ಬೇರೆ ಬೇರೆ ತಿಳಿಸಿ. ನಮ್ಮ ಲೆಕ್ಕದಲ್ಲಿ ಮುಗಿಯುವ ದಿನಾಂಕ 7 ದಿನ ಮುಂದೆ ಹೋಗುತ್ತದೆ. ಒಪ್ಪಿಗೆಯಿಲ್ಲದಿದ್ದರೆ ಯಾವ ಕೆಲಸ ಯಾವುದಕ್ಕೆ ಕಾಯುತ್ತದೆ ಎಂದು ಬರೆಯಿರಿ. ಇಬ್ಬರ ಸಹಿಯಾಗುವವರೆಗೆ ಈ ಗೋಡೆ ಮುಟ್ಟಬೇಡಿ. ಹಿಂಬದಿಯ ಕೆಲಸ ನಿಲ್ಲಿಸಬೇಡಿ."

ಕೊನೆಯ ವಾಕ್ಯ ಬಿಟ್ಟುಹೋದರೆ ಇಡೀ ಸೈಟೇ ನಿಲ್ಲುತ್ತದೆ, ಆ ದಿನಗಳೂ ನಿಮ್ಮ ತಲೆಗೇ ಬರುತ್ತವೆ.