ಜಾಹೀರಾತಿನ ನಿಮಿಷ, ಬಿಲ್ಲಿನ ನಿಮಿಷ

ವಿದೇಶಿ ಕರೆಗಳ ದರಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಿ. ಬಹಳಷ್ಟು ದೇಶಗಳ ಹೆಸರಿನ ಮುಂದೆ ಎರಡು ದರ ಇರುತ್ತವೆ. ಲ್ಯಾಂಡ್‌ಲೈನಿಗೆ ಒಂದು, ಮೊಬೈಲಿಗೆ ಇನ್ನೊಂದು. ಮೊಬೈಲಿನದು ಸಾಮಾನ್ಯವಾಗಿ ಜಾಸ್ತಿ. ಅಮೆರಿಕ, ಕೆನಡಾದಂಥ ಕೆಲವು ದೇಶಗಳ ಮುಂದೆ ಮಾತ್ರ ಎರಡೂ ಒಂದೇ. ಇನ್ನೂ ವಿಚಿತ್ರ ಅಂದರೆ, ದೂರಕ್ಕೂ ದರಕ್ಕೂ ತಾಳೆಯೇ ಆಗುವುದಿಲ್ಲ. ಹತ್ತಿರದ ದ್ವೀಪ ದುಬಾರಿ, ಭೂಮಿಯ ಆಚೆ ಬದಿಯ ದೇಶ ಅಗ್ಗ.

ಹಿಂದೆ ಹೀಗಿರಲಿಲ್ಲ. 1927ರಲ್ಲಿ ನ್ಯೂಯಾರ್ಕ್ ಮತ್ತು ಲಂಡನ್ ನಡುವೆ ದೂರವಾಣಿ ಸೇವೆ ಶುರುವಾದಾಗ ಮೂರು ನಿಮಿಷಕ್ಕೆ 75 ಡಾಲರ್ ಕೊಡಬೇಕಿತ್ತು. ಮಾತು ರೇಡಿಯೋ ಅಲೆಗಳ ಮೇಲೆ ಸಾಗರ ದಾಟುತ್ತಿತ್ತು. 1956ರಲ್ಲಿ ಅಟ್ಲಾಂಟಿಕ್ ತಳದಲ್ಲಿ ಮೊದಲ ದೂರವಾಣಿ ಕೇಬಲ್ ಬಂತು. ಅದರಲ್ಲೂ ಶುರುವಿನಲ್ಲಿ ಒಂದೇ ಸಲಕ್ಕೆ ಸಾಗುತ್ತಿದ್ದದ್ದು 36 ಕರೆಗಳು ಮಾತ್ರ. ಆಗ ದುಬಾರಿಯಾಗಿದ್ದದ್ದು ಸಮುದ್ರ. 1988ರಲ್ಲಿ ಅದೇ ಸಾಗರಕ್ಕೆ ಗಾಜಿನ ಎಳೆಯ ಕೇಬಲ್ ಇಳಿಯಿತು, ಆಮೇಲೆ ಸಮುದ್ರ ದಾಟುವ ಖರ್ಚು ಕುಸಿಯುತ್ತಲೇ ಹೋಯಿತು.

ಹಾಗಾದರೆ ಈಗ ನಾವು ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ? ಅದರ ದೊಡ್ಡ ಪಾಲು ಕರೆಯ ಕೊನೆಯ ತುಂಡಿಗೆ ಹೋಗುತ್ತದೆ. ನಿಮ್ಮ ಕರೆ ಆ ದೇಶ ತಲುಪಿದ ಮೇಲೆ, ಅಲ್ಲಿನ ಫೋನ್ ಕಂಪನಿ ಅದನ್ನು ತನ್ನ ಗ್ರಾಹಕರ ಫೋನಿಗೆ ಮುಟ್ಟಿಸಬೇಕು. ಅದಕ್ಕೆ ನಿಮಿಷಕ್ಕಿಷ್ಟು ಅಂತ ವಸೂಲಿ ಮಾಡುತ್ತದೆ. ಇದೇ ಟರ್ಮಿನೇಶನ್ ಶುಲ್ಕ. ನಿಮ್ಮ ಅಣ್ಣ ಯಾವ ಕಂಪನಿಯ ಸಿಮ್ ಇಟ್ಟುಕೊಂಡಿದ್ದಾನೋ ಅವನ ಫೋನಿಗೆ ಹೋಗುವ ದಾರಿ ಆ ಕಂಪನಿಯ ಕೈಯಲ್ಲಿದೆ. ಬೇರೆ ಬಾಗಿಲಿಲ್ಲ. ಹಾಗಾಗಿ ಕೆಲವು ದೇಶಗಳಲ್ಲಿ ಈ ಶುಲ್ಕ ಸಿಕ್ಕಾಪಟ್ಟೆ ಇರುತ್ತದೆ, ಇನ್ನು ಕೆಲವು ಕಡೆ ಸರ್ಕಾರಿ ನಿಯಂತ್ರಕರು ಅದಕ್ಕೆ ಮಿತಿ ಹಾಕಿದ್ದಾರೆ. ಅಮೆರಿಕದಲ್ಲಿ ಮೊಬೈಲಿಗೆ ಬಂದ ಕರೆಯ ಖರ್ಚನ್ನು ಮೊದಲಿಂದಲೂ ಕರೆ ಪಡೆದವರೇ ಹೊರುತ್ತಿದ್ದರು. ಅಲ್ಲಿ ನಂಬರ್ ನೋಡಿ ಅದು ಮೊಬೈಲೋ ಲ್ಯಾಂಡ್‌ಲೈನೋ ಹೇಳುವುದೂ ಕಷ್ಟ. ಅಲ್ಲಿಗೆ ಒಂದೇ ದರ ಇರುವುದು ಇದರಿಂದಲೇ.

ಇದು ಗೊತ್ತಾದರೆ ಅರ್ಧ ಗೊಂದಲ ಹೋಯಿತು. ಆ್ಯಪಿಂದ ಆ್ಯಪಿಗೆ ಮಾಡುವ ಕರೆ ಆ ಬಾಗಿಲಿಗೆ ಹೋಗುವುದೇ ಇಲ್ಲ, ಇಂಟರ್ನೆಟ್ ಮೂಲಕ ನೇರವಾಗಿ ಇನ್ನೊಂದು ಆ್ಯಪ್ ತಲುಪುತ್ತದೆ. ಅದೇ ಆ್ಯಪಿಂದ ಮಾಮೂಲಿ ಫೋನ್ ನಂಬರಿಗೆ ಕರೆ ಮಾಡಿದರೆ ಶುಲ್ಕ ಬೀಳುತ್ತದೆ, ಯಾಕೆಂದರೆ ಕೊನೆಯ ತುಂಡು ಮತ್ತೆ ಆ ಕಂಪನಿಯದೇ. ಐಎಸ್‌ಡಿ ಪ್ಯಾಕ್ ಆಗಲಿ, ಮುಂಗಡ ಹಣ ತುಂಬಿಸುವ ಕಾಲಿಂಗ್ ಕ್ರೆಡಿಟ್ ಆಗಲಿ, ಈ ಶುಲ್ಕವನ್ನು ತಪ್ಪಿಸುವುದಿಲ್ಲ. ಅದನ್ನು ಬೇರೆ ಬೇರೆ ರೀತಿ ಕಟ್ಟಿಕೊಡುತ್ತವೆ, ಅಷ್ಟೆ.

ಮೊದಲು ಆ್ಯಪಿನ ಲೆಕ್ಕ ಮುಗಿಸೋಣ, ಅದು ಸಣ್ಣದು. ಧ್ವನಿಯನ್ನು ಕುಗ್ಗಿಸಿ ಕಳಿಸಲು ಓಪಸ್ ಎಂಬ ವಿಧಾನ 2012ರಿಂದ ಎಲ್ಲರಿಗೂ ಮುಕ್ತವಾಗಿದೆ. ಸೆಕೆಂಡಿಗೆ 24 ಕಿಲೋಬಿಟ್ ಕೊಟ್ಟರೆ ಮಾತು ಚೆನ್ನಾಗಿಯೇ ಕೇಳುತ್ತದೆ. ಆದರೆ ಈ ಮಾತು 20 ಮಿಲಿಸೆಕೆಂಡಿನ ಚೂರುಗಳಾಗಿ ಹೊರಡುತ್ತದೆ, ಅಂದರೆ ಸೆಕೆಂಡಿಗೆ 50 ಚೂರು. ಪ್ರತಿ ಚೂರಿಗೂ ಸುಮಾರು 40 ಬೈಟ್‌ಗಳ ವಿಳಾಸಚೀಟಿ ಅಂಟಿಸಬೇಕು. ಇದೇ ಸೆಕೆಂಡಿಗೆ 16 ಕಿಲೋಬಿಟ್ ಆಯಿತು. ಒಟ್ಟು 40. ಹೋಗುವುದೂ ಬರುವುದೂ ಸೇರಿ 80 ಕಿಲೋಬಿಟ್, ಅಂದರೆ 10 ಕಿಲೋಬೈಟ್. ನಿಮಿಷಕ್ಕೆ 0.6 ಎಂಬಿ, ಗಂಟೆಗೆ 36 ಎಂಬಿ. ವಿಡಿಯೋ ಹಾಕಿದರೆ ಕಥೆ ಬೇರೆ. ಒಂದೊಂದು ಕಡೆಗೂ ಸೆಕೆಂಡಿಗೆ 500 ಕಿಲೋಬಿಟ್ ಹಿಡಿದರೂ ಗಂಟೆಗೆ 450 ಎಂಬಿ ಆಗುತ್ತದೆ. ಡೇಟಾ ಕಡಿಮೆ ಇರುವವರು ಮುಖ ನೋಡಿ ಎರಡು ಮಾತಾಡಿ, ಆಮೇಲೆ ಕ್ಯಾಮೆರಾ ಆಫ್ ಮಾಡಿ ಹರಟಬಹುದು. ಡೇಟಾ ಎರಡೂ ಕಡೆ ಖರ್ಚಾಗುತ್ತದೆ ಅನ್ನುವುದು ಮಾತ್ರ ನೆನಪಿರಲಿ. ನಿಮಗೆ ಪುಕ್ಕಟೆ ಅನ್ನಿಸಿದ ಕರೆ ಆ ಕಡೆಯವರ ಪ್ಯಾಕನ್ನು ಖಾಲಿ ಮಾಡುತ್ತಿರಬಹುದು.

ಇಬ್ಬರ ಹತ್ತಿರವೂ ಸ್ಮಾರ್ಟ್‌ಫೋನ್, ಒಳ್ಳೆ ಇಂಟರ್ನೆಟ್ ಇದ್ದರೆ ಈ ಲೇಖನ ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಮನೆಯಲ್ಲಿ ಬಟನ್ ಫೋನ್ ಬಿಟ್ಟು ಬೇರೆ ಮುಟ್ಟದ ಒಬ್ಬ ಹಿರಿಯರು ಇದ್ದೇ ಇರುತ್ತಾರೆ. ಕೆಲವು ದೇಶಗಳಲ್ಲಿ ಆ್ಯಪ್ ಕರೆಗಳಿಗೇ ತಡೆ ಇದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ವಾಟ್ಸಾಪ್ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿ ಅನುಮತಿ ಪಡೆದ ಬೇರೆ ಆ್ಯಪ್‌ಗಳನ್ನೇ ಬಳಸಬೇಕು. ಲೆಕ್ಕ ಹಾಕಬೇಕಾಗಿ ಬರುವುದು ಇಂಥ ಕಡೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಹಣ ಯಾವ ದೇಶದ್ದಾದರೂ ಇರಲಿ, ಸುಮ್ನೆ ನಾಣ್ಯ ಅನ್ನೋಣ. ದರಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು. ಮಗಳು ವಿದೇಶದಲ್ಲಿದ್ದಾಳೆ. ಅಪ್ಪನ ಹತ್ತಿರ ಬಟನ್ ಫೋನ್. ತಿಂಗಳಲ್ಲಿ 20 ಸಲ ಅವಳು 'ಮಾತ್ರೆ ತಗೊಂಡ್ರಾ ಅಪ್ಪ' ಅಂತ ಕೇಳಲು ಕರೆ ಮಾಡುತ್ತಾಳೆ, ಒಂದೊಂದೂ 70 ಸೆಕೆಂಡ್. ಭಾನುವಾರಗಳ ನಾಲ್ಕು ದೊಡ್ಡ ಕರೆ, ಒಂದೊಂದೂ 15 ನಿಮಿಷ 20 ಸೆಕೆಂಡ್. ಒಟ್ಟು ನಿಜವಾದ ಮಾತು ಸುಮಾರು 85 ನಿಮಿಷ.

ಮೊದಲ ಕ್ರೆಡಿಟ್ ಕಂಪನಿ ನಿಮಿಷಕ್ಕೆ ಒಂದೂವರೆ ನಾಣ್ಯ ಅಂತ ದೊಡ್ಡಕ್ಷರದಲ್ಲಿ ಹಾಕಿದೆ. ಸಣ್ಣಕ್ಷರದಲ್ಲಿ ಇನ್ನೂ ಮೂರು ಸಂಗತಿಗಳಿವೆ. ಕರೆ ಸೇರಿದ ಕೂಡಲೇ 3 ನಾಣ್ಯ ಸಂಪರ್ಕ ಶುಲ್ಕ. ಸಮಯವನ್ನು ಮೂರು ಮೂರು ನಿಮಿಷಕ್ಕೆ ಏರಿಸಿ ಎಣಿಸುತ್ತಾರೆ. ವಾರಕ್ಕೆ 10 ನಾಣ್ಯ ನಿರ್ವಹಣೆ ಶುಲ್ಕ. ಈಗ 70 ಸೆಕೆಂಡಿನ ಕರೆ 3 ನಿಮಿಷವಾಯಿತು, ಸಂಪರ್ಕ ಶುಲ್ಕ ಸೇರಿ 7.5 ನಾಣ್ಯ. ಇಪ್ಪತ್ತಕ್ಕೆ 150. ದೊಡ್ಡ ಕರೆ 18 ನಿಮಿಷವಾಯಿತು, ಒಂದಕ್ಕೆ 30 ನಾಣ್ಯ, ನಾಲ್ಕಕ್ಕೆ 120. ವಾರದ ಶುಲ್ಕ 40. ಒಟ್ಟು 310. ಒಂದೂವರೆ ಅಂದದ್ದು ನಿಜದಲ್ಲಿ ನಿಮಿಷಕ್ಕೆ ಸುಮಾರು 3.7 ನಾಣ್ಯ ಬಿತ್ತು.

ಎರಡನೇ ಕಂಪನಿಯ ದರ ಎರಡೂವರೆ. ಬೇರೆ ಶುಲ್ಕ ಇಲ್ಲ, ಒಂದೊಂದು ನಿಮಿಷಕ್ಕೆ ಏರಿಸಿ ಎಣಿಸುತ್ತದೆ. ಸಣ್ಣ ಕರೆಗೆ 5, ಇಪ್ಪತ್ತಕ್ಕೆ 100. ದೊಡ್ಡದಕ್ಕೆ 40, ನಾಲ್ಕಕ್ಕೆ 160. ಒಟ್ಟು 260. ಪಟ್ಟಿಯಲ್ಲಿ ದುಬಾರಿ, ಬಿಲ್ಲಿನಲ್ಲಿ ಅಗ್ಗ.

ಇನ್ನು ಐಎಸ್‌ಡಿ ಪ್ಯಾಕ್. 28 ದಿನಕ್ಕೆ 100 ನಿಮಿಷ, ಬೆಲೆ 200 ನಾಣ್ಯ, ಮುಗಿದ ಮೇಲೆ ಮಾಮೂಲಿ ದರ ನಿಮಿಷಕ್ಕೆ 12. ಒಂದೊಂದು ನಿಮಿಷಕ್ಕೆ ಏರಿಸಿ ಎಣಿಸಿದರೆ ಮಗಳಿಗೆ ಬೇಕಾದದ್ದು 104 ನಿಮಿಷ. ಆ ನಾಲ್ಕೇ ನಿಮಿಷಕ್ಕೆ 48 ನಾಣ್ಯ ತೆರಬೇಕು. ಆದರೂ 248ಕ್ಕೆ ಮುಗಿಯಿತು, ಮೂರರಲ್ಲಿ ಇದೇ ಅಗ್ಗ. ಆದರೆ ಮುಂದಿನ ತಿಂಗಳು ಅಪ್ಪ ಎರಡು ವಾರ ಮಗಳ ಹತ್ತಿರವೇ ಬಂದಿದ್ದರು ಅನ್ನಿ. ಕರೆಗಳು ಅರ್ಧವಾದವು. ಎರಡನೇ ಕಂಪನಿಯ ಖರ್ಚು 130ಕ್ಕೆ ಇಳಿಯಿತು. ಪ್ಯಾಕಿಗೆ ಅದೇ 200. ಉಳಿದ ನಿಮಿಷಗಳು 28ನೇ ದಿನ ಸತ್ತವು, ಪ್ಯಾಕ್ ತಾನೇ ನವೀಕರಣಗೊಂಡು ಇನ್ನೂ 200 ಕಡಿತವಾಯಿತು.

ನನಗೆ ಇಷ್ಟವಾಗುವ ದಾರಿ ಇನ್ನೊಂದಿದೆ. ಭಾನುವಾರದ ದೊಡ್ಡ ಕರೆಗಳನ್ನು ಅಪ್ಪನ ಮನೆಗೆ ಬರುವ ಯಾರದಾದರೂ ಸ್ಮಾರ್ಟ್‌ಫೋನಿಗೆ ಬದಲಾಯಿಸುವುದು. ಆಗ 61 ನಿಮಿಷದ ಮಾತು ಸುಮಾರು 37 ಎಂಬಿ ಡೇಟಾದಲ್ಲಿ ಮುಗಿಯುತ್ತದೆ. ಉಳಿದ ಸಣ್ಣ ಕರೆಗಳಿಗೆ ಎರಡನೇ ಕಂಪನಿಯ ಕ್ರೆಡಿಟ್, 100 ನಾಣ್ಯ. 260 ಇದ್ದದ್ದು 100ಕ್ಕೆ ಬಂತು, ಮಾತು ಒಂದು ನಿಮಿಷವೂ ಕಡಿಮೆಯಾಗಲಿಲ್ಲ. ಸಣ್ಣ ಕರೆ ಜಾಸ್ತಿ ಮಾಡುವವರು ಮೊದಲು ನೋಡಬೇಕಾದದ್ದು ಸಂಪರ್ಕ ಶುಲ್ಕ ಮತ್ತು ಎಣಿಸುವ ಕ್ರಮ, ನಿಮಿಷದ ದರ ಆಮೇಲೆ. ಪ್ಯಾಕ್ ಕೊಳ್ಳುವವರು ಅದು ಆ ದೇಶದ ಮೊಬೈಲಿಗೂ ಸಲ್ಲುತ್ತದೆಯೋ, ಲ್ಯಾಂಡ್‌ಲೈನಿಗೆ ಮಾತ್ರವೋ ಅಂತ ಓದಿಕೊಳ್ಳಬೇಕು.

ತೀರಾ ಅಗ್ಗದ ಕ್ರೆಡಿಟ್‌ಗಳ ಬಗ್ಗೆ ಒಂದು ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. ಟರ್ಮಿನೇಶನ್ ಶುಲ್ಕಕ್ಕಿಂತಲೂ ಕಡಿಮೆ ದರಕ್ಕೆ ಕರೆ ಕೊಡುವುದು ಹೇಗೆ ಸಾಧ್ಯ? ಒಂದು ಅಡ್ಡದಾರಿ ಇದೆ. ಆ ದೇಶದಲ್ಲಿ ಯಾರೋ ಒಂದು ಪೆಟ್ಟಿಗೆಯಲ್ಲಿ ಹತ್ತಾರು ಸ್ಥಳೀಯ ಸಿಮ್‌ಗಳನ್ನು ಜೋಡಿಸಿಟ್ಟಿರುತ್ತಾರೆ. ನಿಮ್ಮ ಕರೆ ಇಂಟರ್ನೆಟ್ಟಿನಲ್ಲಿ ಅಲ್ಲಿಗೆ ಬಂದು, ಅದರ ಒಂದು ಸಿಮ್ಮಿನಿಂದ ಲೋಕಲ್ ಕರೆಯಾಗಿ ಅಪ್ಪನ ಫೋನಿಗೆ ಹೋಗುತ್ತದೆ. ಬಹಳಷ್ಟು ದೇಶಗಳಲ್ಲಿ ಇದು ಕಾನೂನುಬಾಹಿರ. ಗುರುತು ಹಿಡಿಯುವುದು ಸುಲಭ. ನೀವು ಕರೆ ಮಾಡಿದಾಗ ಆ ಕಡೆ ನಿಮ್ಮ ನಂಬರ್ ಬದಲು ಅಲ್ಲಿನದೇ ಯಾವುದೋ ಗುರುತಿಲ್ಲದ ಮೊಬೈಲ್ ನಂಬರ್ ಕಾಣುತ್ತದೆ, ಪ್ರತಿ ಸಲ ಬೇರೆ. ಧ್ವನಿ ತಡವಾಗಿ, ಒಡೆದು ಕೇಳುತ್ತದೆ. ಅಪ್ಪ ಆ ನಂಬರಿಗೆ ತಿರುಗಿ ಕರೆ ಮಾಡಿದರೆ ನೀವು ಸಿಗುವುದಿಲ್ಲ. ಗುರುತಿಲ್ಲದ ನಂಬರ್ ಅಂತ ಅವರು ಎತ್ತದೇ ಇರಲೂಬಹುದು.

ತಡಕ್ಕೆ ಎಲ್ಲ ಸಲ ಇದೇ ಕಾರಣ ಅಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹಾಗಾಗಿ 10,000 ಕಿ.ಮೀ. ದಾಟಲು 50 ಮಿಲಿಸೆಕೆಂಡ್ ಬೇಕೇ ಬೇಕು. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ಒಳಗಿದ್ದರೆ ಮಾತು ಸಹಜವಾಗಿ ಸಾಗುತ್ತದೆ ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ. ಅದನ್ನು ಬಹಳ ಮೀರಿದಾಗ ಇಬ್ಬರೂ ಒಟ್ಟಿಗೆ ಬಾಯಿ ತೆರೆದು ಇಬ್ಬರೂ ನಿಲ್ಲಿಸುವ ಪೇಚು ಶುರುವಾಗುತ್ತದೆ.

ಇನ್ನೊಂದು ಮೋಸ ಬಿಲ್ಲಿನ ಗಡಿಯಾರದಲ್ಲಿ ನಡೆಯುತ್ತದೆ. ಆ ಕಡೆ ಫೋನ್ ಇನ್ನೂ ರಿಂಗ್ ಆಗುತ್ತಿರುವಾಗಲೇ ಕರೆ ಎತ್ತಿದರು ಅಂತ ದಾರಿ ಮಧ್ಯದ ಕಂಪನಿಯೊಂದು ಸುಳ್ಳು ಸೂಚನೆ ಕಳಿಸುತ್ತದೆ. ಗಡಿಯಾರ ಓಡಲು ಶುರು. ಇದನ್ನು ಪರೀಕ್ಷಿಸಲು ಅತಿ ಸಣ್ಣ ಮೊತ್ತ ತುಂಬಿಸಿ. ಎತ್ತಬೇಡಿ ಅಂತ ಮನೆಯವರಿಗೆ ಮೊದಲೇ ಹೇಳಿ ಒಂದು ಕರೆ ಮಾಡಿ, ರಿಂಗ್ ಆಗಲು ಬಿಟ್ಟು ಇಡಿ. ಬ್ಯಾಲೆನ್ಸ್ ಕಡಿಮೆಯಾಗಿದ್ದರೆ ಆ ಕಂಪನಿಗೆ ಇನ್ನೊಂದು ನಾಣ್ಯವನ್ನೂ ಕೊಡಬೇಡಿ. ಕಡಿಮೆಯಾಗದಿದ್ದರೆ ಎರಡನೇ ಕರೆ ಮಾಡಿ, ಸರಿಯಾಗಿ 65 ಸೆಕೆಂಡ್ ಮಾತಾಡಿ, ಎಷ್ಟು ಕಡಿತವಾಯಿತು ನೋಡಿ. ಸಂಪರ್ಕ ಶುಲ್ಕ, ಸಮಯ ಎಣಿಸುವ ಕ್ರಮ ಎರಡೂ ಸೇರಿ ಜಾಹೀರಾತಿನ ದರದ ಮೇಲೆ ಎಷ್ಟು ಏರಿಸುತ್ತವೆ ಅನ್ನುವುದು ಆ ಒಂದು ಅಂಕಿಯಿಂದಲೇ ತಿಳಿಯುತ್ತದೆ. ವಾರದ ಶುಲ್ಕ ಇದೆಯೋ ಇಲ್ಲವೋ ತಿಳಿಯಲು ಮಾತ್ರ ಏಳೆಂಟು ದಿನ ಆ ಖಾತೆಯನ್ನು ಮುಟ್ಟದೆ ಬಿಟ್ಟು ಮತ್ತೆ ನೋಡಬೇಕು.