ಖಾಲಿ ಜಾಗ ಎಲ್ಲಿದೆ ನೋಡಿ: ‘ಓದಿದ’, ‘ಓದುವ’, ‘ಓದದ’ ಮಾಡುವ ಕೆಲಸ

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡಲು ಕಲಿಯುವಾಗ ನಾನು ಬರೆದಿದ್ದ ಒಂದು ವಾಕ್ಯ ಹೀಗಿತ್ತು: ‘ಯಾರು ನಿನ್ನೆ ನಮ್ಮ ಮನೆಗೆ ಬಂದಿದ್ದರೋ ಆ ಮೇಷ್ಟ್ರು ಇವತ್ತು ಫೋನ್ ಮಾಡಿದರು.’ ತಿದ್ದಿದವರು ಅದರ ಪಕ್ಕದಲ್ಲಿ ಬರೆದದ್ದು ಇಷ್ಟೇ: ‘ನಿನ್ನೆ ಮನೆಗೆ ಬಂದಿದ್ದ ಮೇಷ್ಟ್ರು.’ ನನ್ನ ವಾಕ್ಯದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ಇಂಗ್ಲಿಷಿನ ಹೂ, ವಿಚ್, ವೇರ್ ಇವೆಲ್ಲಕ್ಕೂ ಒಂದೊಂದು ಕನ್ನಡ ಪದ ಹುಡುಕಲು ಹೊರಟಿದ್ದೆ. ಕನ್ನಡಕ್ಕೆ ಅಂಥ ಪದವೇ ಬೇಕಿಲ್ಲ. ಕ್ರಿಯಾಪದದ ಒಂದು ರೂಪ ಆ ಕೆಲಸವನ್ನೆಲ್ಲ ಮಾಡಿಬಿಡುತ್ತದೆ. ವ್ಯಾಕರಣದಲ್ಲಿ ಅದಕ್ಕೆ ಕೃದಂತ ಅನ್ನುತ್ತಾರೆ.

ರೂಪಗಳು ಮೂರೇ. ಓದುವ, ಓದಿದ, ಓದದ. ‘ಓದುವ’ ಅಂದರೆ ದಿನಾ ಓದುವುದೂ ಆಗಬಹುದು, ನಾಳೆ ಓದುವುದೂ ಆಗಬಹುದು. ‘ಓದಿದ’ ಆಗಿಹೋದದ್ದು. ಅದನ್ನು ಮಾಡಿಕೊಳ್ಳುವುದು ಸುಲಭ: ಬಂದನು, ಕೊಟ್ಟನು, ತಿಂದನು ಇವುಗಳ ಕೊನೆಯ ‘ನು’ ತೆಗೆದರೆ ಬಂದ, ಕೊಟ್ಟ, ತಿಂದ. ‘ಓದದ’ ಇಲ್ಲ ಎನ್ನುವ ರೂಪ. ಅದಕ್ಕೆ ಕಾಲವಿಲ್ಲ. ಮೂರಕ್ಕೂ ಲಿಂಗ, ವಚನದ ಗೊಡವೆ ಇಲ್ಲ. ಓದಿದ ಹುಡುಗ, ಓದಿದ ಹುಡುಗಿ, ಓದಿದ ಮಕ್ಕಳು, ಎಲ್ಲಕ್ಕೂ ‘ಓದಿದ’ ಒಂದೇ.

ರೂಪ ಕಲಿಯುವುದು ಅರ್ಧ ದಿನದ ಕೆಲಸ. ನಿಜವಾಗಿ ತಿಳಿಯಬೇಕಾದದ್ದು ಬೇರೆ. ಒಂದು ವಾಕ್ಯ ತೆಗೆದುಕೊಳ್ಳೋಣ:

ಅಜ್ಜಿ ನಿನ್ನೆ ಚಾಕುವಿನಿಂದ ಮೊಮ್ಮಗನಿಗೆ ಮಾವಿನಹಣ್ಣು ಹೆಚ್ಚಿಕೊಟ್ಟಳು.

ಇದರಿಂದ ಒಂದೊಂದೇ ಹೆಸರನ್ನು ಎತ್ತಿ ಕೊನೆಗೆ ಇಡುತ್ತಾ ಹೋಗಿ. ಬೇಡದ ಮಾತುಗಳನ್ನು ಬಿಡಬಹುದು.

ಮೊಮ್ಮಗನಿಗೆ ಮಾವಿನಹಣ್ಣು ಹೆಚ್ಚಿಕೊಟ್ಟ ಅಜ್ಜಿ.
ಅಜ್ಜಿ ಮೊಮ್ಮಗನಿಗೆ ಹೆಚ್ಚಿಕೊಟ್ಟ ಮಾವಿನಹಣ್ಣು.
ಅಜ್ಜಿ ಮಾವಿನಹಣ್ಣು ಹೆಚ್ಚಿಕೊಟ್ಟ ಮೊಮ್ಮಗ.
ಅಜ್ಜಿ ಮಾವಿನಹಣ್ಣು ಹೆಚ್ಚಿಕೊಟ್ಟ ಚಾಕು.

ಕೊನೆಯ ಎರಡು ಸಾಲು ಮತ್ತೊಮ್ಮೆ ಓದಿ. ಮೊಮ್ಮಗನೂ ಚಾಕುವೂ ಬೇರೆ ಬೇರೆ, ಮಿಕ್ಕದ್ದೆಲ್ಲ ಒಂದೇ. ಮೊದಲು ‘ಮೊಮ್ಮಗನಿಗೆ’ ಇತ್ತು, ‘ಚಾಕುವಿನಿಂದ’ ಇತ್ತು. ಹೆಸರು ಕೊನೆಗೆ ಬಂದಾಗ ಆ ವಿಭಕ್ತಿ ಕಳಚಿಬಿತ್ತು. ಯಾರಿಗೆ, ಯಾವುದರಿಂದ ಅಂತ ಹೇಳುವ ಗುರುತು ವಾಕ್ಯದಲ್ಲಿ ಎಲ್ಲೂ ಉಳಿದಿಲ್ಲ. ಇಂಗ್ಲಿಷಿನಲ್ಲಾದರೆ ಟು, ವಿತ್ ಅಂತ ಏನಾದರೊಂದು ಉಳಿದಿರುತ್ತದೆ. ಹಾಗಾದರೆ ನಮಗೆ ಅರ್ಥವಾಗುವುದು ಹೇಗೆ? ‘ಹೆಚ್ಚಿಕೊಟ್ಟ’ ಅಂದ ತಕ್ಷಣ ಯಾರು, ಏನನ್ನು, ಯಾರಿಗೆ, ಯಾವುದರಿಂದ ಅನ್ನುವ ಜಾಗಗಳು ಮನಸ್ಸಿನಲ್ಲಿ ತೆರೆದುಕೊಳ್ಳುತ್ತವೆ. ಅಜ್ಜಿ, ಮಾವಿನಹಣ್ಣು ಎರಡು ಜಾಗ ತುಂಬಿದವು. ಉಳಿದ ಖಾಲಿ ಜಾಗಗಳಲ್ಲಿ ಮೊಮ್ಮಗ ಎಲ್ಲಿ ಕೂರುತ್ತಾನೆ, ಚಾಕು ಎಲ್ಲಿ ಕೂರುತ್ತದೆ ಅನ್ನುವುದು ನಮ್ಮ ಲೋಕಜ್ಞಾನಕ್ಕೆ ಬಿಟ್ಟದ್ದು. ಹಾಗಾಗಿ ಇಂಥ ವಾಕ್ಯ ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಒಳಗಿನ ಮಾತಿನಲ್ಲಿ ಯಾವ ಜಾಗ ಖಾಲಿ ಇದೆ?

ಕಳಚಿದ ಹೆಸರಿಗೆ ಹೊರಗಿನ ವಾಕ್ಯ ಹೊಸ ವಿಭಕ್ತಿ ಕೊಡುತ್ತದೆ. ‘ಅಜ್ಜಿ ಹಣ್ಣು ಹೆಚ್ಚಿದ ಚಾಕುವನ್ನು ತೊಳೆದಿಡು.’ ಒಳಗೆ ಅದು ‘ಚಾಕುವಿನಿಂದ’, ಹೊರಗೆ ‘ಚಾಕುವನ್ನು’. ಕಾಣುವುದು ಹೊರಗಿನದು ಮಾತ್ರ.

ಖಾಲಿ ಜಾಗ ಎರಡಿದ್ದು, ಹೆಸರು ಎರಡಕ್ಕೂ ಸರಿಹೊಂದಿದರೆ ತೊಂದರೆ ಶುರು. ‘ಹುಲಿ ಕೊಂದ ಬೇಟೆಗಾರ’ ಅಂದರೆ ಸತ್ತದ್ದು ಯಾರು? ಹುಲಿಯೂ ಆಗಬಹುದು, ಬೇಟೆಗಾರನೂ ಆಗಬಹುದು. ಕನ್ನಡದಲ್ಲಿ ‘ಅನ್ನು’ ಬಿಟ್ಟು ಮಾತಾಡುವುದು ಜಾಸ್ತಿ ಅಲ್ವಾ, ಅದರಿಂದಲೇ ಈ ಗೊಂದಲ. ‘ಹುಲಿಯನ್ನು ಕೊಂದ ಬೇಟೆಗಾರ’ ಅಂತ ಬರೆದರೆ ಅನುಮಾನವೇ ಇಲ್ಲ. ಬೇಟೆಗಾರ ಸತ್ತಿದ್ದರೆ ‘ಹುಲಿಗೆ ಬಲಿಯಾದ ಬೇಟೆಗಾರ’ ಅನ್ನಿ. ‘ನಾನು ಬಂದ ಊರು’ ಕೂಡ ಹೀಗೇ. ಬಂದು ಸೇರಿದ ಊರೋ, ಬಿಟ್ಟು ಬಂದ ಊರೋ? ‘ನಾನು ಬಿಟ್ಟು ಬಂದ ಊರು’ ಅಂದಾಗ ಕ್ರಿಯಾಪದವೇ ಉತ್ತರ ಹೇಳುತ್ತದೆ.

ಕೆಲವು ಜಾಗಗಳಿಂದ ಹೆಸರನ್ನು ಎತ್ತಲು ಆಗುವುದೇ ಇಲ್ಲ. ನನಗೆ ತುಂಬಾ ಹಿಡಿಸಿದ ಭಾಗ ಇದು. ‘ಕುರ್ಚಿಯ ಕಾಲು ಮುರಿಯಿತು’ ಅನ್ನುವುದರಿಂದ ‘ಕಾಲು ಮುರಿದ ಕುರ್ಚಿ’ ಸಲೀಸಾಗಿ ಬರುತ್ತದೆ. ‘ಗಂಡ ತೀರಿಕೊಂಡ ಹೆಂಗಸು’ ಕೂಡ ಸರಿ. ಅದೇ ದಾರಿಯಲ್ಲಿ ‘ನಾನು ಆ ಹೆಂಗಸಿನ ಮನೆ ಕೊಂಡೆ’ ಅನ್ನುವುದನ್ನು ‘ನಾನು ಮನೆ ಕೊಂಡ ಹೆಂಗಸು’ ಮಾಡಿ ನೋಡಿ. ಕಿವಿಗೆ ಒಗ್ಗುವುದಿಲ್ಲ. ಕಾಲು ಕುರ್ಚಿಯ ಭಾಗ, ಅದು ಮುರಿದರೆ ಕುರ್ಚಿಗೇ ಏನೋ ಆದಂತೆ. ಗಂಡ ತೀರಿಕೊಂಡರೆ ಆ ಹೆಂಗಸಿನ ಬದುಕೇ ಬದಲಾಗುತ್ತದೆ. ಮನೆ ಕೊಂಡ ಮಾತಿನಲ್ಲಿ ಹಾಗೆ ಆಕೆಯ ಕಡೆಗೆ ಗಮನ ಹೋಗುವುದಿಲ್ಲ. ಹೋಲಿಕೆಯೂ ಅಷ್ಟೇ. ‘ಅಣ್ಣ ತಮ್ಮನಿಗಿಂತ ಎತ್ತರ ಇದ್ದಾನೆ’ ಅನ್ನುವುದರಿಂದ ‘ಅಣ್ಣ ಎತ್ತರ ಇರುವ ತಮ್ಮ’ ಮಾಡಿದರೆ ಅರ್ಥವೇ ಇಲ್ಲ.

ಆಗ ಏನು ಮಾಡಬೇಕು? ‘ನಾನು ಯಾರ ಮನೆ ಕೊಂಡೆನೋ ಆ ಹೆಂಗಸು’ ಅನ್ನಬಹುದು. ‘ಯಾರ… ಓ… ಆ’ ಜೋಡಣೆ ಕನ್ನಡದ್ದೇ. ವಿಭಕ್ತಿಯನ್ನು ಬಿಚ್ಚಿ ತೋರಿಸಲೇಬೇಕಾದಾಗ ಅದು ಬೇಕು. ಆದರೆ ಮಾತು ಬಲ್ಲವರು ಸಾಮಾನ್ಯವಾಗಿ ಬೇರೆ ದಾರಿ ಹಿಡಿಯುತ್ತಾರೆ. ಕ್ರಿಯಾಪದವನ್ನೇ ಬದಲಾಯಿಸಿ ಆ ಹೆಸರನ್ನು ಕೆಲಸ ಮಾಡುವವರ ಜಾಗಕ್ಕೆ ತರುತ್ತಾರೆ: ‘ನನಗೆ ಮನೆ ಮಾರಿದ ಹೆಂಗಸು’, ‘ಅಣ್ಣನಿಗಿಂತ ಕುಳ್ಳಗಿರುವ ತಮ್ಮ’. ಇಂಗ್ಲಿಷಿನ ಹೂಸ್ ಎದುರಾದಾಗಲೆಲ್ಲ ನಾನು ಮೊದಲು ಈ ದಾರಿ ನೋಡುತ್ತೇನೆ. ಸುಮ್ನೆ ‘ಯಾರ… ಓ’ ಹಾಕುತ್ತಾ ಹೋದರೆ ಎರಡು ಪುಟದಲ್ಲೇ ಬರಹ ಭಾರವಾಗುತ್ತದೆ.

ಖಾಲಿ ಜಾಗವೇ ಇಲ್ಲದ ಪ್ರಯೋಗವೂ ಉಂಟು. ‘ಅವನು ಊರಿಗೆ ಬಂದ ಸುದ್ದಿ’, ‘ಮಳೆ ಬರುವ ಲಕ್ಷಣ’, ‘ಕಾಫಿ ಬೀಜ ಹುರಿಯುವ ವಾಸನೆ’. ಇಲ್ಲಿ ಒಳಗಿನ ಮಾತು ತುಂಬಿದ ಮಾತು. ಸುದ್ದಿ ಊರಿಗೆ ಬರಲಿಲ್ಲ, ವಾಸನೆ ಏನನ್ನೂ ಹುರಿಯಲಿಲ್ಲ. ಇಂಗ್ಲಿಷಿನಲ್ಲಿ ಇವಕ್ಕೆ ದಟ್, ಆಫ್ ಅಂತ ಬೇರೆ ಬೇರೆ ಕಟ್ಟುಗಳು ಬೇಕು. ಕನ್ನಡಕ್ಕೆ ಅದೇ ಒಂದು ರೂಪ ಸಾಕು.

ಕೊನೆಗೆ ಹೆಸರೇ ಬೇಡವೆಂದರೆ ಕೃದಂತಕ್ಕೆ ಅವನು, ಅವಳು, ಅವರು ಅಂಟಿಸಿ: ಬಂದವನು, ಬಂದವಳು, ಬಂದವರು. ಮೊದಲು ಬಿಟ್ಟಿದ್ದ ಲಿಂಗ ಇಲ್ಲಿ ಮರಳಿ ಬರುತ್ತದೆ. ವಸ್ತುವಾದರೆ ಬಂದದ್ದು, ಹೇಳಿದ್ದು.

ಬರೆಯುವಾಗ ಕಣ್ಣಿಡಬೇಕಾದ ಒಂದು ಸ್ವರವಿದೆ. ‘ನೋಡಿದ ಸಿನಿಮಾ’, ‘ನೋಡದ ಸಿನಿಮಾ’. ಒಂದು ಗುಡಿಸು ಹೋದರೆ ಅರ್ಥ ಪೂರ್ತಿ ತಲೆಕೆಳಗು. ‘ಬರೆದ ಪತ್ರ’ ಕೈಜಾರಿ ‘ಬರದ ಪತ್ರ’ ಆದರೆ ಪತ್ರ ಬರಲೇ ಇಲ್ಲ ಅಂತಾಗುತ್ತದೆ. ಮಾತಿನಲ್ಲಿ ಈ ಗಲಿಬಿಲಿ ಅಷ್ಟಾಗಿ ಇಲ್ಲ. ಅಲ್ಲಿ ‘ನೋಡಿರೋ ಸಿನಿಮಾ’, ‘ನೋಡದೇ ಇರೋ ಸಿನಿಮಾ’ ಅನ್ನುವುದೇ ಹೆಚ್ಚು. ಬರಹದಲ್ಲೂ ಅನುಮಾನ ಬರುವ ಕಡೆ ನಾನು ‘ನೋಡದೇ ಇರುವ’, ‘ನೋಡದೇ ಇದ್ದ’ ಅಂತಲೇ ಬಿಡಿಸಿ ಬರೆಯುತ್ತೇನೆ. ‘ನೋಡದ’ ಹೇಳಲಾಗದ ಕಾಲವನ್ನೂ ಅದು ಹೇಳುತ್ತದೆ.